ವಿದೇಶದ ಕೆಲಸದ ಅರ್ಜಿಯಲ್ಲಿ ವೀಸಾ ಬಗ್ಗೆ ಏನು ಬರೆಯಬೇಕು

ಬೆಂಗಳೂರಿನಲ್ಲಿ ಕೂತು ಯುರೋಪಿನ ಕಂಪನಿಗಳಿಗೆ ಸಾಫ್ಟ್‌ವೇರ್ ಇಂಜಿನಿಯರ್‌ಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಹೆಚ್ಚಿನವು ಜರ್ಮನಿಯ ಹುದ್ದೆಗಳು, ಕೆಲವು ಬ್ರಿಟನ್ನಿನವು. ಒಂದು ರೆಸ್ಯೂಮೆ ಇಷ್ಟವಾಯಿತು ಅಂದ ಮೇಲೆ ಆ ಕಡೆಯ ಮ್ಯಾನೇಜರ್ ನನ್ನನ್ನು ಕೇಳುವುದು ಸಾಮಾನ್ಯವಾಗಿ ಎರಡೇ: ಇವರನ್ನು ಕರೆಸಿಕೊಳ್ಳಲು ನಮ್ಮ ಕಡೆಯಿಂದ ಏನು ಮಾಡಬೇಕು, ಎಷ್ಟು ತಿಂಗಳು ಕಾಯಬೇಕು? ಅರ್ಜಿಯಲ್ಲಿ ಇದಕ್ಕೆ ಉತ್ತರ ಇದ್ದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ. ಇಲ್ಲದಿದ್ದರೆ, ವೀಸಾ ಗೊಂದಲವೇ ಬೇಡ ಅಂತ ಮ್ಯಾನೇಜರ್ ಮುಂದಿನ ಅರ್ಜಿಗೆ ಹೋಗಿಬಿಡುತ್ತಾರೆ.

2025ರಲ್ಲಿ ಬರ್ಲಿನ್‌ನ ಒಂದು ಹುದ್ದೆಗೆ ಬಂದ ಅರ್ಜಿಯನ್ನೇ ತೆಗೆದುಕೊಳ್ಳಿ. ಆಕೆ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಜಾವಾ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದವರು, ವಿಟಿಯು ಬಿಇ, ಆರು ವರ್ಷದ ಅನುಭವ. ಕೆಲಸದ ವಿವರ ಚೆನ್ನಾಗಿತ್ತು. ಆದರೆ ರೆಸ್ಯೂಮೆಯ ಕೊನೆಯಲ್ಲಿ ‘ರಿಲೊಕೇಟ್, ರಿಮೋಟ್, ಹೈಬ್ರಿಡ್ ಯಾವುದಕ್ಕೂ ಸಿದ್ಧ, ಯಾವ ದೇಶವಾದರೂ ಸರಿ’ ಎಂಬರ್ಥದ ಸಾಲಿತ್ತು. ಅರ್ಜಿ ಫಾರ್ಮ್‌ನಲ್ಲಿ `Are you legally authorized to work in Germany?` ಎಂಬುದಕ್ಕೆ `Yes` ಎಂದಿತ್ತು. ಬೆಂಗಳೂರಿನ ವಿಳಾಸ, ಭಾರತದಲ್ಲೇ ಓದು, ಭಾರತದಲ್ಲೇ ಕೆಲಸ, ಆದರೂ ಜರ್ಮನಿಯಲ್ಲಿ ದುಡಿಯುವ ಹಕ್ಕು ಇದೆ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಫೋನ್ ಮಾಡಿದೆ.

“ಮೇಡಂ, ಕಂಪನಿ ಕೆಲಸಕ್ಕೆ ಅಂತ ಹೋದ ವರ್ಷ ಷೆಂಗೆನ್ ವೀಸಾ ಮಾಡಿಸಿದ್ರು. ಇನ್ನೂ ವ್ಯಾಲಿಡ್ ಇದೆ. ಅದಕ್ಕೇ ಯೆಸ್ ಅಂತ ಹಾಕಿದೆ” ಅಂದರು.

ಅದು ಅಲ್ಪಾವಧಿಯ ವೀಸಾ. 180 ದಿನಗಳಲ್ಲಿ 90 ದಿನ ಹೋಗಿ ಬರಬಹುದು, ಮೀಟಿಂಗ್‌ಗೆ ಕೂರಬಹುದು. ಅಲ್ಲಿನ ಕಂಪನಿಗೆ ಸೇರಿ ಸಂಬಳಕ್ಕೆ ದುಡಿಯುವಂತಿಲ್ಲ. ಅಮೆರಿಕದ ಬಿ1/ಬಿ2 ಭೇಟಿ ವೀಸಾ ಇಟ್ಟುಕೊಂಡವರೂ ಹೀಗೇ `Yes` ಒತ್ತುವುದನ್ನು ನೋಡುತ್ತಲೇ ಇರುತ್ತೇನೆ. ಬೇಕೆಂದೇ ಸುಳ್ಳು ಹೇಳುವವರು ಕಡಿಮೆ. `No` ಅಂದರೆ ಸಿಸ್ಟಮ್ ತಾನಾಗಿಯೇ ತಿರಸ್ಕರಿಸುತ್ತದೆ ಎಂಬ ಹೆದರಿಕೆಯೂ ಇರುತ್ತದೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಹೊರಗಿನವರನ್ನು ಕರೆಸಿಕೊಳ್ಳುವ ಇರಾದೆಯೇ ಇಲ್ಲದ ಕಂಪನಿ ಆ ಪ್ರಶ್ನೆಯಲ್ಲೇ ಅರ್ಜಿಯನ್ನು ನಿಲ್ಲಿಸುವ ಹಾಗೆ ಎಟಿಎಸ್ ಎಂಬ ಅರ್ಜಿ ನಿರ್ವಹಿಸುವ ಸಾಫ್ಟ್‌ವೇರ್‌ನಲ್ಲಿ ಸೆಟ್ ಮಾಡಿರಬಹುದು. ಅಂಥ ಕಡೆ `Yes` ಒತ್ತಿ ಒಳಗೆ ಹೋದರೂ ಮೊದಲ ಫೋನ್ ಕರೆಯಲ್ಲೇ ವಿಷಯ ಹೊರಬೀಳುತ್ತದೆ. ಆಗ ಮ್ಯಾನೇಜರ್ ಮನಸ್ಸಿನಲ್ಲಿ ಉಳಿಯುವುದು ವೀಸಾ ಇಲ್ಲ ಅನ್ನುವುದಕ್ಕಿಂತ ಹೆಚ್ಚಾಗಿ ತಪ್ಪು ಮಾಹಿತಿ ಕೊಟ್ಟರು ಅನ್ನುವುದು. ಕೆಲಸದ ಹಕ್ಕು ಇದೆಯಾ ಅಂದರೆ `No`, ಸ್ಪಾನ್ಸರ್‌ಶಿಪ್ ಬೇಕಾ ಅಂದರೆ `Yes`. ಇಲ್ಲಿಂದ ಹೊಸದಾಗಿ ಹೋಗುವವರ ಉತ್ತರ ಇಷ್ಟೇ. ವಿವರಣೆಗೆ ರೆಸ್ಯೂಮೆಯಲ್ಲಿ ಜಾಗ ಇದೆ.

ಆ ವಿವರಣೆ ಬರೆಯುವ ಮುಂಚೆ ದೇಶದ ನಿಯಮ ತಿಳಿದಿರಬೇಕು. ಜರ್ಮನಿಯ ವಿಷಯದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ: ಇಯು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯಲ್ಲಿ ಕರೆಸಿಕೊಳ್ಳಲು ಅಲ್ಲಿನ ಕಂಪನಿ ಮೊದಲೇ ಯಾವ ಸ್ಪಾನ್ಸರ್ ಲೈಸೆನ್ಸನ್ನೂ ಪಡೆದಿರಬೇಕಿಲ್ಲ. ಕೆಲಸದ ಒಪ್ಪಂದ ಕೊಟ್ಟು, ಹುದ್ದೆ ಮತ್ತು ಸಂಬಳದ ವಿವರ ಇರುವ ಒಂದು ಫಾರ್ಮ್ ತುಂಬಿಕೊಟ್ಟರೆ ಕಂಪನಿಯ ಮುಖ್ಯ ಕೆಲಸ ಆಯಿತು. ಮಿಕ್ಕ ಓಡಾಟ ಅಭ್ಯರ್ಥಿಯದು. ಹೊರದೇಶದವರನ್ನು ಎಂದೂ ತೆಗೆದುಕೊಳ್ಳದ ಚಿಕ್ಕ ಕಂಪನಿಗಳಿಗೆ ಇದು ಗೊತ್ತೇ ಇರುವುದಿಲ್ಲ. ಅಮೆರಿಕದ ಎಚ್-1ಬಿ ಕಥೆ ಕೇಳಿಕೊಂಡು ಲಾಟರಿ, ವಕೀಲರು ಅಂತ ಗಾಬರಿಯಾಗಿರುತ್ತಾರೆ.

ಬ್ಲೂ ಕಾರ್ಡ್‌ಗೆ ನೋಡುವುದು ಮುಖ್ಯವಾಗಿ ಡಿಗ್ರಿ ಮತ್ತು ಸಂಬಳ. ಡಿಗ್ರಿಯನ್ನು ಅನಾಬಿನ್ ಎಂಬ ಜರ್ಮನ್ ಸರ್ಕಾರಿ ಡೇಟಾಬೇಸ್‌ನಲ್ಲಿ ನೋಡಬೇಕು. `Institutionen` ವಿಭಾಗದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ಮಾನ್ಯತೆ ಇದೆ ಎಂದು ಸೂಚಿಸುವ `H+` ಇರಬೇಕು, `Hochschulabschlüsse` ವಿಭಾಗದಲ್ಲಿ ನಿಮ್ಮ ಡಿಗ್ರಿ ಇರಬೇಕು. ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ವೀಸಾಗೂ ಬೇಕಾಗುತ್ತದೆ. ಅಲ್ಲಿ ನಿಮ್ಮ ಡಿಗ್ರಿ ಕಾಣದಿದ್ದರೆ ಝಡ್‌ಎಬಿ ಎಂಬ ಸಂಸ್ಥೆಯಿಂದ ತತ್ಸಮಾನ ಪತ್ರ ತರಿಸಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ಅರ್ಜಿ ಹಾಕುವ ಮುಂಚೆಯೇ ಶುರು ಮಾಡುವುದು ಒಳ್ಳೆಯದು. ಸಂಬಳದ ಮಿತಿ ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ಸಾಮಾನ್ಯ ಮಿತಿ ವರ್ಷಕ್ಕೆ 48,300 ಯೂರೋ. ಐಟಿಯಂಥ ಕೊರತೆಯ ಕೆಲಸಗಳಿಗೆ 43,759.80 ಯೂರೋ, ಆದರೆ ಈ ಕಡಿಮೆ ಮಿತಿಯಲ್ಲಿ ಹೋದರೆ ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆಯೂ ಬೇಕು. ಆಕೆ ಕೇಳಿದ್ದು 65,000. ಹಾಗಾಗಿ ಆ ಒಪ್ಪಿಗೆಯ ಪ್ರಶ್ನೆಯೇ ಬರಲಿಲ್ಲ.

ಆಕೆಯ ಡಿಗ್ರಿ, ವಿಶ್ವವಿದ್ಯಾಲಯ ಎರಡೂ ಪಟ್ಟಿಯಲ್ಲಿದ್ದವು. ಹಳೆಯ ಸಾಲನ್ನು ಅಳಿಸಿ, ರೆಸ್ಯೂಮೆಯ ಮೇಲ್ಗಡೆ ಹೆಸರು, ಫೋನ್ ನಂಬರ್ ಕೆಳಗೇ ಇದನ್ನು ಹಾಕಿಸಿದೆ:

```
Indian citizen, based in Bengaluru. Relocating to Berlin.
Needs EU Blue Card (university H+ and degree listed in anabin).
Notice period 3 months; visa process can run in parallel.
```

ಮೂರನೇ ಸಾಲಿಗೆ ಕಾರಣ ಇದೆ. ನಮ್ಮಲ್ಲಿ 90 ದಿನದ ನೋಟಿಸ್ ಮಾಮೂಲು. ಅದರ ಮೇಲೆ ವೀಸಾದ ತಿಂಗಳುಗಳನ್ನೂ ಕೂಡಿಸಿಕೊಂಡು ಮ್ಯಾನೇಜರ್ ಆರು ತಿಂಗಳು ಅಂತ ಲೆಕ್ಕ ಹಾಕಿರುತ್ತಾರೆ. ಒಪ್ಪಂದಕ್ಕೆ ಸಹಿಯಾದ ಕೂಡಲೇ ವೀಸಾಗೆ ಹಾಕಿದರೆ ಎರಡೂ ಜೊತೆಜೊತೆಗೇ ನಡೆಯುತ್ತವೆ. ಜರ್ಮನಿಯಲ್ಲೂ ದೊಡ್ಡ ನೋಟಿಸ್ ಅವಧಿ ಅಪರೂಪವಲ್ಲ, ಮೂರು ತಿಂಗಳು ಅಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಮುಚ್ಚಿಟ್ಟು ‘ತಕ್ಷಣ ಸೇರುತ್ತೇನೆ’ ಎಂದು ಬರೆಯುವ ಅಗತ್ಯ ಇಲ್ಲ.

ರಿಮೋಟ್ ಎಂಬ ಪದವನ್ನು ತೆಗೆಸಿದ್ದು ಆಕೆಗೆ ಇಷ್ಟವಾಗಲಿಲ್ಲ. “ವೀಸಾ ಬರೋ ತನಕ ಇಲ್ಲಿಂದಲೇ ಕೆಲಸ ಮಾಡ್ತೀನಿ ಅಂದ್ರೆ ಅವರಿಗೇ ಒಳ್ಳೇದಲ್ವಾ ಮೇಡಂ?” ಎಂದು ಕೇಳಿದರು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಜರ್ಮನ್ ಜಾಹೀರಾತಿನಲ್ಲಿ ರಿಮೋಟ್ ಎಂದಿದ್ದರೆ ಬಹುತೇಕ ಜರ್ಮನಿಯೊಳಗೆ ಎಲ್ಲಿಂದಾದರೂ ಎಂದರ್ಥ. ಬೆಂಗಳೂರಿನಲ್ಲಿ ಕೂತವರಿಗೆ ಸಂಬಳ ಕೊಡಬೇಕೆಂದರೆ ಇಲ್ಲಿನ ಟಿಡಿಎಸ್, ಪಿಎಫ್ ಎಲ್ಲ ನೋಡಿಕೊಳ್ಳಬೇಕು, ಇಲ್ಲಿ ಕಂಪನಿ ಇಲ್ಲದಿದ್ದರೆ ಬೇರೊಂದು ಸಂಸ್ಥೆಯ ಮೂಲಕ ನೇಮಿಸಬೇಕು, ಭಾರತದಲ್ಲಿ ತಮ್ಮ ಮೇಲೆ ತೆರಿಗೆ ಹೊರೆ ಬೀಳುತ್ತದೆಯೇ ಎಂದು ಅವರ ತೆರಿಗೆ ಸಲಹೆಗಾರರನ್ನು ಕೇಳಬೇಕು. ವೀಸಾ ಅನ್ನುವ ಒಂದು ಪ್ರಶ್ನೆಯ ಜೊತೆಗೆ ಇನ್ನೊಂದು ದೊಡ್ಡ ಪ್ರಶ್ನೆಯನ್ನು ನಾವೇ ಹೆಗಲಿಗೇರಿಸಿದಂತೆ. ಕಂಪನಿಯೇ ಕೇಳಿದರೆ ಧಾರಾಳವಾಗಿ ಒಪ್ಪಿಕೊಳ್ಳಿ. ಭಾರತದಿಂದಲೇ ಕೆಲಸ ಎಂದು ಸ್ಪಷ್ಟವಾಗಿ ಹೇಳಿರುವ ಹುದ್ದೆಗೆ ಬೇರೆಯೇ ರೆಸ್ಯೂಮೆ ಮಾಡಿ, ಅದರಲ್ಲಿ ಸ್ಥಳಾಂತರದ ಮಾತು ತೆಗೆದು ಕೆಲಸದ ಹೊತ್ತು ಬರೆಯಿರಿ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ದಿನಕ್ಕೆ ಎಷ್ಟು ಹೊತ್ತು ಅವರ ಜೊತೆ ಸಿಗುತ್ತೀರಿ ಎಂಬುದೇ ಅಲ್ಲಿ ಮುಖ್ಯ.

ಇದೇ ಮೂರು ಸಾಲನ್ನು ಲಂಡನ್ನಿಗೆ ಕಳಿಸಿದರೆ ಉಪಯೋಗವಿಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಗೆ ಕಂಪನಿಯ ಬಳಿ ಸ್ಪಾನ್ಸರ್ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇರುವವರ ಪಟ್ಟಿಯನ್ನು `GOV.UK`ಯಲ್ಲಿ ಸರ್ಕಾರವೇ ಹಾಕಿರುತ್ತದೆ. ಅರ್ಜಿ ತುಂಬುವ ಮುಂಚೆ ಆ ಪಟ್ಟಿಯಲ್ಲಿ ಕಂಪನಿಯ ನೋಂದಾಯಿತ ಹೆಸರನ್ನು ಹುಡುಕಿ, ಏಕೆಂದರೆ ಆ್ಯಪ್‌ನ ಹೆಸರೇ ಬೇರೆ, ಕಂಪನಿಯ ಹೆಸರೇ ಬೇರೆ ಇರಬಹುದು. ಹೆಸರಿದ್ದರೆ ‘ಸ್ಕಿಲ್ಡ್ ವರ್ಕರ್ ವೀಸಾ ಬೇಕು’ ಎಂದು ನೇರವಾಗಿ ಬರೆಯಿರಿ. 2025ರ ಜುಲೈ 22ರಿಂದ ಅಲ್ಲಿನ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್, ಹುದ್ದೆಗೆ ತಕ್ಕಂತೆ ಇನ್ನೂ ಹೆಚ್ಚಿರಬಹುದು. ಜಾಹೀರಾತಿನ ಸಂಬಳ ಅದಕ್ಕಿಂತ ಕೆಳಗಿದ್ದರೆ ಆ ಸಂಜೆಯನ್ನು ಬೇರೆ ಅರ್ಜಿಗೆ ಕೊಡುವುದು ಮೇಲು.

ಬರ್ಲಿನ್ ಮ್ಯಾನೇಜರ್ ಆಕೆಯನ್ನು ಇಂಟರ್‌ವ್ಯೂಗೆ ಕರೆದಾಗ ವೀಸಾ ಬಗ್ಗೆ ಕೇಳಿದ್ದು ಒಂದೇ, ನೋಟಿಸ್ ಸ್ವಲ್ಪ ಕಡಿಮೆಯಾಗುತ್ತದಾ ಅಂತ. ಗಂಡ, ಮಗುವನ್ನು ಕರೆದೊಯ್ಯುವ ವಿಷಯ ರೆಸ್ಯೂಮೆಯಲ್ಲಿ ಎಲ್ಲೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸ ಮಾಡುವ ಅನುಮತಿ ಸಿಗುತ್ತದೆ, ಹೋಗುವ ಮುಂಚೆ ಜರ್ಮನ್ ಪರೀಕ್ಷೆಯೂ ಬೇಕಿಲ್ಲ. ಆಫರ್ ಕೈಗೆ ಬಂದ ಮೇಲೆ, ಸಹಿ ಹಾಕುವ ಮುಂಚೆ, ಮೂವರ ಟಿಕೆಟ್ ಖರ್ಚು ಮತ್ತು ಮೊದಲ ತಿಂಗಳ ಮನೆಯ ಬಗ್ಗೆ ಆಕೆ ಕೇಳಿದರು. ಅದನ್ನು ಕೇಳುವ ಸಮಯ ಅದೇ.