25 ಪದ ಮೀರದಂತೆ

ಗದ್ಯಭಾಗವನ್ನು ಓದಿ ಉತ್ತರಿಸಿ ಎಂಬ ಸಾಲು ಕಂಡರೆ ನಮ್ಮ ತರಗತಿಗೆ ಸಮಾಧಾನವಾಗುತ್ತಿತ್ತು. ಉತ್ತರ ಕಣ್ಣೆದುರಿಗೇ ಇರುತ್ತದಲ್ಲ! ಪಕ್ಕದಲ್ಲಿ ಪದಗಳ ಮಿತಿ ಹಾಕಿದ್ದರೆ ಮಾತ್ರ ಆ ಸಮಾಧಾನ ಉಳಿಯುತ್ತಿರಲಿಲ್ಲ. ಗದ್ಯದ ಎರಡು ವಾಕ್ಯ ಇಳಿಸುವಷ್ಟರಲ್ಲಿ ಮಿತಿ ಮುಗಿದು, ಉತ್ತರದ ಮುಖ್ಯ ಭಾಗ ಹೊರಗೇ ನಿಂತಿರುತ್ತಿತ್ತು. ಮುಕ್ಕಾಲು ಪಾಲು ಅಂಕ ಹೋಗುತ್ತಿದ್ದದ್ದು ಅಲ್ಲಿಯೇ.

ನಮ್ಮ ಕನ್ನಡ ಮೇಷ್ಟ್ರು ಒಮ್ಮೆ ಇಡೀ ಅವಧಿಯನ್ನು ಒಂದೇ ಪ್ರಶ್ನೆಗೆ ಕೊಟ್ಟರು. ಅವರು ಕರಿಹಲಗೆಯ ಮೇಲೆ ಬರೆದ ಗದ್ಯ ಹೆಚ್ಚುಕಡಿಮೆ ಹೀಗಿತ್ತು:

"ಹೂವಿನ ನೆಲೆ ಕಂಡ ಜೇನುನೊಣ ಗೂಡಿಗೆ ಮರಳಿ, ಕತ್ತಲಲ್ಲಿ, ಲಂಬವಾಗಿ ನಿಂತ ಎರಿಯ ಮೇಲೆ ಕುಣಿಯುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನೊಣ ಹೊಟ್ಟೆಯನ್ನು ಅಲ್ಲಾಡಿಸುತ್ತ ನೇರ ಗೆರೆಯಲ್ಲಿ ಓಡುತ್ತದೆ. ಗೆರೆ ನೆಟ್ಟಗೆ ಮೇಲಕ್ಕಿದ್ದರೆ ಆಹಾರ ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. 40 ಡಿಗ್ರಿ ಬಲಕ್ಕೆ ವಾಲಿದರೆ ಸೂರ್ಯನಿಂದ 40 ಡಿಗ್ರಿ ಬಲಕ್ಕೆ. ಓಟ ಹೆಚ್ಚು ಹೊತ್ತು ನಡೆದಷ್ಟೂ ಆಹಾರ ಹೆಚ್ಚು ದೂರ. ಆಹಾರ ತೀರ ಹತ್ತಿರವಿದ್ದರೆ ಮಾತ್ರ ನೊಣ ಸುಮ್ಮನೆ ಸುತ್ತುತ್ತದೆ."

ಪ್ರಶ್ನೆ: ಆಹಾರದ ನೆಲೆಯನ್ನು ಜೇನುನೊಣ ಸಂಗಾತಿಗಳಿಗೆ ಹೇಗೆ ತಿಳಿಸುತ್ತದೆ? ಮಿತಿ 25 ಪದ.

ಪೆನ್ನು ಎತ್ತುವ ಮೊದಲು 'ಹೇಗೆ' ಎಂಬುದರ ಕೆಳಗೆ ಗೆರೆ ಎಳೆಯಿರಿ ಎಂದರು. ಆಮೇಲೆ ಗದ್ಯದ ಪ್ರತಿ ವಾಕ್ಯದ ಪಕ್ಕದಲ್ಲಿ 'ಇರಲಿ' ಅಥವಾ 'ಹೋಗಲಿ' ಎಂದು ಬರೆಯಬೇಕು. ವಿಜ್ಞಾನಿಯ ಹೆಸರೂ ಪ್ರಶಸ್ತಿಯೂ ಮೊದಲ ನೋಟಕ್ಕೇ ಹೋದವು. ಅವು 'ಯಾರು' ಎಂಬ ಪ್ರಶ್ನೆಯ ಆಸ್ತಿ. ಗದ್ಯದಲ್ಲಿ ಅತ್ಯಂತ ಮಹತ್ವದ್ದೆಂದು ತೋರುವ ಸಂಗತಿ ಎಷ್ಟೋ ಸಲ ಕೇಳಿದ ಪ್ರಶ್ನೆಗೆ ಸಂಬಂಧಪಟ್ಟಿರುವುದೇ ಇಲ್ಲ, ಆದರೂ ಅದನ್ನು ಬಿಡಲು ಕೈ ಬರುವುದಿಲ್ಲ. 'ಕತ್ತಲಲ್ಲಿ' ಎಂಬುದೂ ಹೋಯಿತು.

ಕಷ್ಟ ಬಂದದ್ದು 40 ಡಿಗ್ರಿಯ ವಾಕ್ಯದಲ್ಲಿ ಮತ್ತು ಅದರ ಹಿಂದಿನ ವಾಕ್ಯದಲ್ಲಿ. ಎರಡನ್ನೂ ಇಳಿಸಿದರೆ ಅರ್ಧಕ್ಕಿಂತ ಹೆಚ್ಚು ಮಿತಿ ಖರ್ಚಾಗುತ್ತದೆ. ಬಿಟ್ಟರೆ ದಿಕ್ಕಿನ ಮಾತೇ ಇಲ್ಲ. ಅಲ್ಲಿರುವುದು ಎರಡು ಉದಾಹರಣೆ, ಅವುಗಳ ಹಿಂದಿನ ನಿಯಮ ಒಂದೇ ಎಂದು ಮೇಷ್ಟ್ರು ತೋರಿಸಿದರು. ನಿಯಮವನ್ನು ಗದ್ಯ ಬಾಯಿಬಿಟ್ಟು ಹೇಳಿಲ್ಲ, ನಾವೇ ನಮ್ಮ ಮಾತಿನಲ್ಲಿ ಹೇಳಬೇಕು. ವಾಕ್ಯವನ್ನು ಕತ್ತರಿಸುವುದಕ್ಕಿಂತ ಇದು ಬೇರೆಯೇ ಕೆಲಸ, ಅರ್ಥವಾಗದೆ ಮಾಡಲಾಗುವುದಿಲ್ಲ. ಹಲಗೆಯ ಮೇಲೆ ಕೊನೆಗೆ ಉಳಿದದ್ದು ಇದು:

"ಜೇನುನೊಣ ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸುತ್ತ ನೇರವಾಗಿ ಓಡುತ್ತದೆ, ಓಟದ ಗೆರೆ ಲಂಬರೇಖೆಯೊಂದಿಗೆ ಮಾಡುವ ಕೋನ ಸೂರ್ಯನಿಂದ ಆಹಾರವಿರುವ ದಿಕ್ಕನ್ನೂ ಓಟದ ಅವಧಿ ದೂರವನ್ನೂ ಸೂಚಿಸುತ್ತದೆ. ತೀರ ಹತ್ತಿರದ ಆಹಾರಕ್ಕಾದರೆ ಸುಮ್ಮನೆ ಸುತ್ತುತ್ತದೆ."

ಎಣಿಸಿದರೆ 24 ಪದ. ಕೊನೆಯ ಐದು ಪದಗಳ ಬಗ್ಗೆ ತರಗತಿಯಲ್ಲಿ ಜಗಳವೇ ಆಯಿತು. ಮೇಷ್ಟ್ರು ಅವನ್ನು ಉಳಿಸಿಕೊಂಡರು: ಪ್ರಶ್ನೆ 'ದೂರದ ಆಹಾರ' ಎಂದಿಲ್ಲ, ಬರೀ 'ಆಹಾರ' ಎಂದಿದೆ, ಆ ಐದು ಪದಗಳಿಲ್ಲದಿದ್ದರೆ ಉತ್ತರ ಗದ್ಯಕ್ಕಿಂತ ಹೆಚ್ಚಿನದನ್ನು ಹೇಳಿದಂತಾಗುತ್ತದೆ. 'ಮಾತ್ರ', 'ಸಾಮಾನ್ಯವಾಗಿ', 'ಹೊರತು' ಮುಂತಾದ ಪುಟ್ಟ ಪದಗಳು ಅವಸರದಲ್ಲಿ ಮೊದಲು ಬಲಿಯಾಗುತ್ತವೆ. ಅವು ಹೋದರೆ ವಾಕ್ಯ ಇನ್ನೂ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಪದಗಳನ್ನು ಅಂಟಿಸಿ ಎಣಿಕೆ ಇಳಿಸುವ ಜಾಣತನವೂ ನಮ್ಮಲ್ಲಿತ್ತು. ಕನ್ನಡದಲ್ಲಿ ಅದು ಸುಲಭ: 'ಆಹಾರ ಇರುವ' ಎರಡು ಪದ, 'ಆಹಾರವಿರುವ' ಒಂದು. ಸಹಜವಾಗಿ ಸೇರುವುದನ್ನು ಮೇಷ್ಟ್ರು ಒಪ್ಪುತ್ತಿದ್ದರು. ಉಸಿರು ಹಿಡಿದು ಓದಬೇಕಾದ ಸಮಾಸ ಕಟ್ಟಿದರೆ ಅದನ್ನು ಬಿಡಿಸಿ ಎಣಿಸುತ್ತಿದ್ದರು.

ಪರೀಕ್ಷಿಸುವ ಬಗೆಯನ್ನೂ ಹೇಳಿಕೊಟ್ಟರು. ಗದ್ಯವನ್ನು ಕೈಯಿಂದ ಮುಚ್ಚಿ, ಅದನ್ನು ಓದಿರದ ಪಕ್ಕದವನಿಗೆ ಉತ್ತರ ಕೊಡಬೇಕು. 'ಅದು ಎಂದರೆ ಯಾವುದು?', 'ಯಾವುದರಿಂದ ಅಳೆದ ಕೋನ?' ಎಂದು ಅವನು ಕೇಳಿದರೆ ಬಿಡಬಾರದ್ದನ್ನು ಬಿಟ್ಟಿದ್ದೇವೆ.

ಗಂಟೆ ಹೊಡೆಯುವ ಮುನ್ನ ಮಿತಿಯನ್ನು 12ಕ್ಕೆ ಇಳಿಸಿದರು. ಹಲವರು ಮೊದಲು ಕೈಬಿಟ್ಟದ್ದು ಸೂರ್ಯನನ್ನು. ಮೇಷ್ಟ್ರು ಒಪ್ಪಲಿಲ್ಲ, ಎಲ್ಲಿಂದ ಅಳೆಯಬೇಕೆಂದು ತಿಳಿಯದಿದ್ದರೆ ದಿಕ್ಕಿಗೆ ಅರ್ಥವೇನು? ಅವರ ಉತ್ತರ 11 ಪದಗಳಲ್ಲಿ ನಿಂತಿತು: "ಜೇನುನೊಣದ ಕುಣಿತದಲ್ಲಿ ಓಟದ ಕೋನ ಸೂರ್ಯನಿಂದ ಆಹಾರವಿರುವ ದಿಕ್ಕನ್ನೂ ಓಟದ ಅವಧಿ ದೂರವನ್ನೂ ಸೂಚಿಸುತ್ತದೆ." ಹತ್ತಿರದ ಆಹಾರದ ಮಾತು ಈ ಸಲ ಹೋಯಿತು. ಅದು ನ್ಯಾಯವೇ ಎಂದು ಹಿಂದಿನ ಬೆಂಚಿನವರು ಕೇಳಿದರು. ದಿಕ್ಕು, ದೂರ ಎರಡೂ ಉತ್ತರದ ಬೆನ್ನೆಲುಬು, ವಿನಾಯಿತಿಗೆ ಜಾಗ ಸಾಲದಿದ್ದರೆ ಅದೇ ಇಳಿಯಬೇಕು ಎಂದು ಅವರು ಹೇಳಿದರು. ನನಗೆ ಇಂದಿಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಉಳಿದ ಒಂದು ಪದದಲ್ಲಿ 'ದೂರದ' ಎಂದು 'ಆಹಾರವಿರುವ' ಎಂಬುದರ ಮುಂದೆ ಸೇರಿಸಬಹುದಿತ್ತು.