‘ಬಿಡಿಸಿ ಬರೆಯಿರಿ’ ಎಂದವನು ನಾನೇ

ನಮ್ಮ ಪ್ರಕಾಶನದ ಅನುವಾದ ವಿಭಾಗಕ್ಕೆ ಶೈಲಿ ಕೈಪಿಡಿಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಸಂಧಿಯ ಬಗ್ಗೆ ಒಂದೇ ಸಾಲು ಬರೆದಿದ್ದೆ: ‘ಓದಿಗೆ ತೊಡಕಾಗದಂತೆ ಪದಗಳನ್ನು ಬಿಡಿಸಿ ಬರೆಯಿರಿ.’ ಕೈಪಿಡಿ ನಾಲ್ಕು ಪುಟ ಮೀರಬಾರದೆಂದು ಮೇಲಿನವರ ಅಪ್ಪಣೆಯಿತ್ತು; ಅದರಲ್ಲಿ ಎರಡು ಪುಟ ಲಾಂಛನ ಎಲ್ಲಿರಬೇಕೆಂಬುದಕ್ಕೇ ಹೋಗಿತ್ತು.

ಕರಡು ತಿದ್ದುವವರು ಆ ಸಾಲನ್ನು ಚಾಚೂ ತಪ್ಪದೆ ಪಾಲಿಸಿದರು. ಮಲಯಾಳದ ಕಾದಂಬರಿಯೊಂದರ ಎರಡನೆಯ ಪ್ರೂಫ್ ಅನುವಾದಕಿಯ ಕೈ ಸೇರಿದ ಮಧ್ಯಾಹ್ನ ಅವರು ಫೋನ್ ಮಾಡಿ, ಪೀಠಿಕೆಯಿಲ್ಲದೆ ಕೇಳಿದರು: “ನಮ್ಮ ಅಜ್ಜಿ ಆ ಸೀರೆಯನ್ನು ಯಾವಾಗ ಕೊಂಡಳು, ಸ್ವಾಮಿ?” ಪುಟ ತೆರೆದೆ. ಅಜ್ಜಿ ಅಂಗಡಿಯ ಸೀರೆಯನ್ನು ‘ನೋಡಿಕೊಂಡು ಬಂದಳು’ ಎಂದಿದ್ದದ್ದು ‘ನೋಡಿ ಕೊಂಡು ಬಂದಳು’ ಎಂದಾಗಿತ್ತು. ಕೊಳ್ಳಲಾಗದ ಬಡತನವೇ ಆ ಅಧ್ಯಾಯದ ಕಥೆ.

ಅದೊಂದನ್ನು ತಿದ್ದಿಬಿಡೋಣವೆಂದೆ. ಅವರು ಉತ್ತರಿಸದೆ ಮುಂದಿನ ಮಾತನ್ನು ಓದಿದರು: “ಏನು ಆಯಿತು? ಯಾಕೆ ಅಳುತ್ತಾ ಇದ್ದೀಯೆ?” ಅವರು ಬರೆದಿದ್ದದ್ದು ‘ಏನಾಯ್ತು? ಯಾಕಳ್ತಿದ್ದೀ?’ ಎಂದು. “ಮೊಮ್ಮಗನನ್ನು ಸಮಾಧಾನಪಡಿಸುವವಳು ವಾರ್ತೆ ಓದುತ್ತಿದ್ದಾಳೆ” ಎಂದು ಫೋನಿಟ್ಟರು.

ನಾನು ಸಂಧಿಯನ್ನು ಕಾಗುಣಿತದ ಪಟ್ಟಿಗೆ ಸೇರಿಸಿದ್ದೆ; ಅದು ಮಾತಿನ ಧಾಟಿಗೆ ಸೇರಿದ್ದೆಂಬುದು ಹೊಳೆದಿರಲಿಲ್ಲ. ಸಾಲದ್ದಕ್ಕೆ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟಿದ್ದೆ. ‘ಏನಾಯ್ತು’ ಎಂಬಲ್ಲಿ ‘ಏನು’ವಿನ ಉಕಾರ ಬಿದ್ದುಹೋಗಿದೆ, ಅದು ಲೋಪಸಂಧಿ. ‘ನೋಡಿಕೊಂಡು’ ಎಂಬಲ್ಲಿ ಯಾವ ವರ್ಣವೂ ಬದಲಾಗಿಲ್ಲ. ಅಲ್ಲಿ ‘ಕೊಳ್ಳು’ ಸಹಾಯಕ ಕ್ರಿಯಾಪದ, ಅದಕ್ಕೆ ಖರೀದಿಯ ಅರ್ಥವಿಲ್ಲ.

ಆದ್ದರಿಂದ ಹೊಸ ಕರಡಿನಲ್ಲಿ ಸಹಾಯಕ ಕ್ರಿಯಾಪದವನ್ನು ಕೂಡಿಸಿಯೇ ಬರೆಯಬೇಕೆಂದೂ, ‘ಕೊಂಡು’ ಎಂಬುದಕ್ಕೆ ನಿಜವಾಗಿಯೂ ಖರೀದಿಯ ಅರ್ಥವಿದ್ದರೆ ಮಾತ್ರ ಬಿಡಿಸಬೇಕೆಂದೂ ಬರೆದೆ. ಸಂಭಾಷಣೆಯ ಸಂಧಿ ಅನುವಾದಕರ ಕಿವಿಗೆ ಬಿಟ್ಟದ್ದು, ತಿದ್ದುವವರು ಅದನ್ನು ಮುಟ್ಟುವಂತಿಲ್ಲ. ನಿರೂಪಣೆಯಲ್ಲಿ ಮಾತ್ರ ‘ಊರಲ್ಲಿಲ್ಲವೆಂದಿದ್ದಳೆಂಬುದು’ ಎಂಬಂಥ ಸರಪಳಿ ಎದುರಾದರೆ ‘ಊರಲ್ಲಿಲ್ಲ ಎಂದಿದ್ದಳು ಎಂಬುದು’ ಎಂದು ಬಿಡಿಸಬಹುದು.

ಎರವಲು ಪದಗಳಿಗೂ ಇದೇ ಧಾಟಿಯ ವಿಚಾರ ಅನ್ವಯಿಸಿತು. ‘ಬಸ್‌ನಲ್ಲಿ’ ಎಂಬುದಕ್ಕಿಂತ ‘ಬಸ್ಸಿನಲ್ಲಿ’ ಎಂಬುದು ಕನ್ನಡದ ಬಾಯಿಗೆ ಒಗ್ಗಿದ ರೂಪ. ಮೇಲಾಗಿ, ನಮ್ಮ ಪುಟವಿನ್ಯಾಸದ ತಂತ್ರಾಂಶ ‘ಸ್’ ಮತ್ತು ‘ನ’ಗಳನ್ನು ಬೇರೆಯಿಡುವ ಅದೃಶ್ಯ ಚಿಹ್ನೆಯನ್ನು ನುಂಗಿ ‘ಬಸ್ನಲ್ಲಿ’ ಎಂದು ಅಚ್ಚುಮಾಡುವ ಕಾಟವೂ ತಪ್ಪಿತು. ಹೊಸ ತಂತ್ರಾಂಶ ಕೇಳಿ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ಕೈಪಿಡಿ ಈಗ ಹನ್ನೊಂದು ಪುಟವಾಗಿದೆ. ಲಾಂಛನದ ಎರಡು ಪುಟಗಳನ್ನು ತೆಗೆಯಲು ಒಪ್ಪಿಗೆ ಸಿಕ್ಕಿಲ್ಲ.