ಎಷ್ಟೊತ್ತಿಗೆ ಕರ್ಕೊಂಡು ಹೋಗಬೇಕು ಅಂತಲೂ ಬರೆದ ಬರ್ತ್‌ಡೇ ಕಾರ್ಡು

ಪಂಚಮಿ ಮುಗಿದು ನಾಲ್ಕು ದಿನ ಆಗಿತ್ತು. ಧಾರವಾಡದ ಮಾಳಮಡ್ಡಿಯ ತವರುಮನೆಯಲ್ಲಿ ಕೂತು ಮಗಳ ಏಳನೇ ಬರ್ತ್‌ಡೇಗೆ ವಾಟ್ಸಾಪ್ ಕಾರ್ಡು ಬರೆಯುತ್ತಿದ್ದೆ. ಅವ್ವ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದಳು, ಕೊನೆಯ ಸಾಲಿಗೆ ಬಂದು ನಿಂತುಬಿಟ್ಟಳು. "ಇದೇನಿದು, ಆರೂವರಿಗೆ ಮಕ್ಕಳನ್ನ ಕರ್ಕೊಂಡು ಹೋಗ್ರಿ ಅಂತ? ಮನಿಗೆ ಬಂದವರನ್ನ ಎದ್ದು ಹೋಗ್ರಿ ಅಂದಂಗಾತಲ್ಲ."

ಅವಳು ಹೇಳಿದ್ದು ತಪ್ಪಲ್ಲ. ನಮ್ಮ ಕಡೆ ಹೊರಡುವ ಮಾತು ಬಂದವರ ಬಾಯಿಂದಲೇ ಬರಬೇಕು. ಅವರು "ಬರ್ತೀವ್ರಿ" ಅಂತ ಎದ್ದರೂ ಮನೆಯವರು "ಕೂಡ್ರಿ, ಒಂಚೂರು ಚಾ ಕುಡಿದು ಹೋಗೀರಂತ" ಅನ್ನಬೇಕು. ಹಾಗಾಗಿ ಕಾರ್ಡಿನಲ್ಲಿ ಶುರುವಾಗುವ ಹೊತ್ತು ಇರುತ್ತದೆ, ಮುಗಿಯುವ ಹೊತ್ತು ಇರುವುದಿಲ್ಲ. ನಾನೂ ಹಾಗೇ ಬೆಳೆದವಳು. ಜರ್ಮನಿಗೆ ಹೋದಮೇಲೆ ಆ ಎರಡನೇ ಹೊತ್ತು ಯಾಕೆ ಬೇಕು ಅಂತ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ, ಸ್ವಲ್ಪ ನೋವಾಗುವ ಹಾಗೆ.

ಮಗಳಿಗೆ ಆಗ ಐದು ವರ್ಷ. ಕಿಂಡರ್‌ಗಾರ್ಟನ್ನಿನ ಗೆಳತಿ ಕೈಯಿಂದ ಕತ್ತರಿಸಿ ಅಂಟಿಸಿದ ಒಂದು ಕಾರ್ಡು ಕೊಟ್ಟಿದ್ದಳು. ಶನಿವಾರ, 3ರಿಂದ 6. ಕೆಳಗೆ ಇನ್ನೊಂದು ಸಾಲು: 6 ಗಂಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅದಕ್ಕೆ ಅವರಲ್ಲಿ 'ಅಬ್‌ಹೋಲನ್' ಅಂತ ಒಂದು ಪದವೇ ಇದೆ, ದಿನಾ ಶಾಲೆ ಬಿಟ್ಟಾಗ ಬಳಸುವ ಪದ. ನಾವು ಅದನ್ನು ಓದಿದೆವು, ಆದರೆ ತಲೆಗೆ ಹೋಗಿದ್ದು ನಮ್ಮೂರಿನ ಅರ್ಥ. ಮೂರು ಅಂದರೆ ಮೂರೂವರೆ ಅಂದುಕೊಂಡು ನಾನು, ನಮ್ಮನೆಯವರು, ಎರಡು ವರ್ಷದ ಮಗ, ಎಲ್ಲರೂ ಚಂದ ಬಟ್ಟೆ ಹಾಕಿಕೊಂಡು 3:35ಕ್ಕೆ ಬಾಗಿಲು ತಟ್ಟಿದೆವು.

ಒಳಗೆ ಮೇಜಿನ ಮೇಲೆ ಆರು ತಟ್ಟೆ. ಆರು ಲೋಟ. ಆರು ಪುಟ್ಟ ಚೀಟಿಗಳ ಮೇಲೆ ಮಕ್ಕಳ ಹೆಸರು. ಉಳಿದ ಐದು ಮಕ್ಕಳು ಕೇಕಿನ ಮುಂದೆ ಕೂತು ನಮ್ಮ ಮಗಳಿಗಾಗಿ ಕಾಯುತ್ತಿದ್ದರು. ನಮಗೆ ಅಲ್ಲಿ ಜಾಗವೇ ಇರಲಿಲ್ಲ. ಆ ತಾಯಿ ಒಳ್ಳೆಯವಳು, ಅಡುಗೆಮನೆಯಿಂದ ಕುರ್ಚಿ ತಂದು ಕಾಫಿ ಕೊಟ್ಟಳು. ಹದಿನೈದು ನಿಮಿಷ ಕೂತು ನಾವು ಮಗಳನ್ನು ಬಿಟ್ಟು ಹೊರಟೆವು. ಸಂಜೆ ನಮ್ಮನೆಯವರು ಕರೆಯಲು ಹೋದಾಗ 6:25. ಮನೆಯವರೆಲ್ಲ ಕೋಟು ಹಾಕಿಕೊಂಡು, ಕೈಯಲ್ಲಿ ಕಾರಿನ ಕೀಲಿ ಹಿಡಿದು ನಿಂತಿದ್ದರು. ನಮ್ಮ ಮಗಳು ಒಬ್ಬಳೇ ಉಳಿದಿದ್ದಳು, ಶೂ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಆ ರಾತ್ರಿ ಅವಳು ಕೇಳಿದ್ದು ಒಂದೇ: "ಎಲ್ಲರ ಅಪ್ಪ ಬಂದ್ರು, ನೀವ್ಯಾಕೆ ಬರಲಿಲ್ಲ?"

ಮುಂದಿನ ವರ್ಷ ನಮ್ಮ ಮನೆಯಲ್ಲೇ ಪಾರ್ಟಿ ಮಾಡಿದಾಗ ಆ ಕಾರ್ಡಿನ ಒಳಗಿನ ಲೆಕ್ಕ ಪೂರ್ತಿ ತಿಳಿಯಿತು. ಅಲ್ಲಿ ತುಂಬಾ ಮನೆಗಳಲ್ಲಿ ಎಷ್ಟು ವರ್ಷವೋ ಅಷ್ಟು ಮಕ್ಕಳನ್ನು ಕರೆಯುತ್ತಾರೆ. ಆರು ವರ್ಷಕ್ಕೆ ಆರು ಮಕ್ಕಳು. ಅಪ್ಪ ಅಮ್ಮ ಬಿಟ್ಟು ಹೋಗುತ್ತಾರೆ, ಹಾಗಾಗಿ ಮೂರು ಗಂಟೆ ಹೊತ್ತು ಆ ಮಕ್ಕಳೆಲ್ಲ ಇಬ್ಬರು ದೊಡ್ಡವರ ಜವಾಬ್ದಾರಿ. ಮೂರಕ್ಕೆ ಬಂದರು, ಮೂರೂಕಾಲಿಗೆ ಕೇಕು. ಆಮೇಲೆ ಗೋಲಾಗಿ ಕೂತು ಬಾಟ್ಲಿ ತಿರುಗಿಸುವುದು, ಅದರ ಬಾಯಿ ಯಾರ ಕಡೆ ನಿಂತಿತೋ ಅವರ ಗಿಫ್ಟು ಮೊದಲು ಬಿಚ್ಚುವುದು. ನಾಲ್ಕಕ್ಕೆ ಹೊರಗೆ ನಿಧಿ ಹುಡುಕುವ ಆಟ, ಚೀಟಿಯಿಂದ ಚೀಟಿಗೆ ಓಡಾಡುತ್ತಾ ಸುಮಾರು ಒಂದು ಗಂಟೆ. ಐದೂಕಾಲಿಗೆ ಊಟ. ಐದೂಮುಕ್ಕಾಲಿಗೆ ಶೂ, ಜಾಕೆಟ್, ಟೋಪಿ ಹುಡುಕಲು ಶುರು. ಮಕ್ಕಳಿಗೆ ಮನೆಯಲ್ಲಿ ಮತ್ತೆ ಊಟ ಬೇಕಿಲ್ಲ, ಹೋಗಿ ಕೈಕಾಲು ತೊಳೆದು ಎಂಟರೊಳಗೆ ಮಲಗಿದರೆ ಆಯಿತು.

ಬಿಟ್ಟು ಹೋದವರಿಗೂ ಆ ಮೂರು ಗಂಟೆ ದೊಡ್ಡದು. ಅಲ್ಲಿ ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತವೆ, ವಾರದ ಸಂತೆ ಎಲ್ಲಾ ಶನಿವಾರವೇ ಮುಗಿಯಬೇಕು. ಮನೆಯಲ್ಲಿ ಅಜ್ಜಿ ಇಲ್ಲ, ಕೆಲಸದವರಿಲ್ಲ. ಒಂದೇ ಕಾರು, ಇನ್ನೊಂದು ಮಗುವಿಗೆ ಅದೇ ಹೊತ್ತಿಗೆ ಫುಟ್ಬಾಲು. ಆರಕ್ಕೆ ಕರೆಯಬೇಕು ಅಂತ ಹತ್ತು ದಿನ ಮೊದಲೇ ಗೊತ್ತಿದ್ದರೆ ಅದರ ಸುತ್ತ ಉಳಿದ ದಿನ ಕೂಡಿಸಿಕೊಳ್ಳಬಹುದು. "ಸಂಜೆತನಕ" ಅಂತ ಇದ್ದರೆ ಆಗುವುದಿಲ್ಲ.

ಮೂರು ಗಂಟೆಗಿಂತ ಜಾಸ್ತಿ ಇಡಬಾರದು ಅನ್ನುವುದನ್ನೂ ನಾನು ಮಕ್ಕಳ ಮುಖ ನೋಡಿಯೇ ಕಲಿತೆ. ಎರಡೂವರೆ ಗಂಟೆ ಆಗುತ್ತಿದ್ದ ಹಾಗೆ ಒಬ್ಬರು ಸುಮ್ನೆ ಅಳುತ್ತಾರೆ, ಇನ್ನೊಬ್ಬರು ಬಲೂನಿಗಾಗಿ ಜಗಳ ತೆಗೆಯುತ್ತಾರೆ, ಬರ್ತ್‌ಡೇ ಮಗುವೇ ಸೋಫಾದ ಹಿಂದೆ ಹೋಗಿ ಕೂರುತ್ತದೆ. ನಾಲ್ಕೈದು ವರ್ಷದವರಿಗೆ ಎರಡು ಗಂಟೆ ಸಾಕು. ಅದಕ್ಕಿಂತ ಚಿಕ್ಕವರಾದರೆ ಬಿಟ್ಟು ಹೋಗುವ ಮಾತೇ ಬೇಡ, ಅಮ್ಮನೋ ಅಪ್ಪನೋ ಜೊತೆಗೆ ಇರಲಿ ಅಂತ ಕಾರ್ಡಿನಲ್ಲೇ ಬರೆಯಬೇಕು.

ಇಷ್ಟನ್ನೂ ಅವ್ವನಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಆದರೆ ಅಲ್ಲಿಯ ಮಾತು ಅಲ್ಲಿಗೆ ಅನ್ನುವ ಹಾಗೆ ಕೂತಿದ್ದಳು. ಮಾತು ತಿರುಗಿಸಿದ್ದು ವೈನಿ. ಅವರು ತಮ್ಮ ಮಗನ ಹೋದ ವರ್ಷದ ಬರ್ತ್‌ಡೇ ನೆನಪು ಮಾಡಿದರು. ಐದಕ್ಕೆ ಕರೆದಿದ್ದರು. ಮಂದಿ ಐದೂವರೆಯಿಂದ ಒಂಬತ್ತರ ತನಕ ಬರುತ್ತಲೇ ಇದ್ದರು. ಯಾರೋ ಒಬ್ಬರು ದಾರಿಯಲ್ಲಿದ್ದೇವೆ ಅಂದರು ಅಂತ ಕೇಕು ಏಳೂವರೆಗೆ ಕತ್ತರಿಸಿದ್ದು, ಅಷ್ಟೊತ್ತಿಗೆ ಅರ್ಧ ಮಕ್ಕಳು ಹಸಿದು ನಿದ್ದೆಗಣ್ಣಲ್ಲಿ. "ನಾ ಗಿರ್ಮಿಟ್ ಐದ ಸಲ ಕಲಿಸೇನಿ ಅವತ್ತ" ಅಂದರು ವೈನಿ. ಗಿರ್ಮಿಟ್ ಮಾಡಿದವರಿಗೆ ಇದು ಗೊತ್ತು. ಉಳ್ಳಾಗಡ್ಡಿ, ಹುಣಸೆಹುಳಿಯ ಗೊಜ್ಜು ಮೊದಲೇ ಮಾಡಿಟ್ಟುಕೊಳ್ಳಬಹುದು, ಪುಟಾಣಿ ಹಿಟ್ಟು ಪಕ್ಕಕ್ಕೆ ಇಟ್ಟಿರಬಹುದು, ಆದರೆ ಚುರಮರಿ ಹಾಕಿ ಕಲಿಸಿದಮೇಲೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತಿನ್ನುವವರು ಎದುರಿಗೆ ಕೂತಿದ್ದಾಗಲೇ ಕಲಿಸಬೇಕು. ಎಷ್ಟು ಮಂದಿ, ಎಷ್ಟೊತ್ತಿಗೆ ಅಂತ ಗೊತ್ತಿಲ್ಲದಿದ್ದರೆ ವೈನಿಯ ಸಂಜೆ ಎಲ್ಲಾ ಒಲೆಯ ಮುಂದೆಯೇ. ಅವತ್ತಿನ ಒಂದು ಫೋಟೋದಲ್ಲೂ ಅವರಿಲ್ಲ. ಈ ಮಾತಿಗೆ ಅವ್ವ ಕರಗಿದಳು.

ಆಮೇಲೆ ಮೂವರೂ ಸೇರಿ ಕಾರ್ಡು ಬದಲಾಯಿಸಿದೆವು. "ಕರ್ಕೊಂಡು ಹೋಗ್ರಿ" ಅನ್ನುವುದು ಒರಟಾಗಿ ಕೇಳುವುದು ಯಾಕೆ ಅಂದರೆ ಅದು ಒಂದೇ ಸಾಲು ಒಂಟಿಯಾಗಿ ನಿಂತಿರುತ್ತದೆ. ಅದರ ಮುಂದೆ ಬಿಟ್ಟು ಹೋಗುವ ಮಾತು ಬಂದರೆ ಅದೇ ಸಾಲು ಸಹಾಯದ ಹಾಗೆ ಕೇಳುತ್ತದೆ. ಕೊನೆಗೆ ಹೋದದ್ದು ಹೀಗೆ:

"ಶನಿವಾರ ಸಂಜಿ 4ಕ್ಕ ಮಕ್ಕಳನ್ನ ನಮ್ಮ ಮನಿಯೊಳಗ ಬಿಟ್ಟು ಹೋಗ್ರಿ. 4:20ಕ್ಕ ಕೇಕ್, ಆಮ್ಯಾಲೆ ಆಟ, 5:45ಕ್ಕ ಗಿರ್ಮಿಟ್. 6:30ಕ್ಕ ಕಾರ್ಯಕ್ರಮ ಮುಗೀತದ, 6:30ರಿಂದ 6:45ರೊಳಗ ಬಂದು ಕರ್ಕೊಂಡು ಹೋಗ್ರಿ. ಅಲ್ಲೀತನಕ ನಿಮ್ಮ ಕೆಲಸ ನಿಶ್ಚಿಂತಿಯಿಂದ ಮುಗಿಸ್ಕೋರಿ. ಕರಿಯಾಕ ಯಾರು ಬರ್ತೀರಿ, ಅವರ ಹೆಸರು, ಫೋನ್ ನಂಬರ್ ಗುರುವಾರದೊಳಗ ತಿಳಿಸ್ರಿ."

ಹದಿನೈದು ನಿಮಿಷ ಬಿಟ್ಟದ್ದು ಬೇಕಂತಲೇ. ಬರೀ 6:30 ಅಂತ ಬರೆದರೆ ಕೆಲವರು ಆರೂವರೆಗೆ ಮನೆಯಿಂದ ಹೊರಡುತ್ತಾರೆ, ಕೆಲವರು ಆರೂಕಾಲಿಗೇ ಬಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಾರೆ, ಆಟದ ನಡುವೆ ಮಗು ಎದ್ದು ಓಡುತ್ತದೆ. ಹೆಸರು ಕೇಳಿದ್ದು ಯಾಕೆ ಅಂದರೆ ನಮ್ಮಲ್ಲಿ ಬಿಡಲು ಅಮ್ಮ ಬಂದರೆ ಕರೆಯಲು ಕಾಕಾ ಬರುತ್ತಾರೆ, ಇಲ್ಲವೇ ಪಕ್ಕದ ಮನೆಯವರು. ಮುಖ ಗೊತ್ತಿಲ್ಲದವರ ಕೈಗೆ ಮಗುವನ್ನು ಕೊಡಲು ಆಗುವುದಿಲ್ಲ, ಬೇಡ ಅಂದರೆ ಅವರಿಗೂ ಬೇಜಾರು. ಮೊದಲೇ ಹೆಸರಿದ್ದರೆ ಆ ಕಸಿವಿಸಿ ಇಲ್ಲ.

ಹನ್ನೊಂದು ಮಕ್ಕಳನ್ನು ಕರೆದಿದ್ದೆವು, ಒಂಬತ್ತು ಬಂದರು. ಏಳು ಮಕ್ಕಳು ನಾಲ್ಕೂಕಾಲಿನೊಳಗೆ ಬಂದಿದ್ದರು. ಹುಬ್ಬಳ್ಳಿಯಿಂದ ನನ್ನ ಗೆಳತಿ ಮಗಳನ್ನು ಕರೆದುಕೊಂಡು ಚಿಗರಿ ಬಸ್ಸಿನಲ್ಲಿ ಬಂದವಳು, ಅವಳನ್ನು ಇಲ್ಲಿ ಬಿಟ್ಟು ಸುಭಾಸ ರೋಡಿಗೆ ಹೋಗಿ ಸೀರೆಗೆ ಫಾಲ್ ಹಚ್ಚಲು ಕೊಟ್ಟು, ಲೈನ್ ಬಜಾರದಲ್ಲಿ ಪೇಡೆ ತಗೊಂಡು, 6:35ಕ್ಕೆ ತಿರುಗಿ ಬಂದಳು. ಮಗಳು ಹುಟ್ಟಿದಮೇಲೆ ಪೇಟೆಯಲ್ಲಿ ಒಬ್ಬಳೇ ತಿರುಗಾಡಿದ್ದು ಇದೇ ಮೊದಲು ಅಂದಳು. ವೈನಿ ಗಿರ್ಮಿಟ್ ಒಂದೇ ಸಲ ಕಲಿಸಿದರು, 5:40ಕ್ಕೆ, ಮಕ್ಕಳು ಪಂಕ್ತಿಯಲ್ಲಿ ಕೂತಮೇಲೆ.

ಎಲ್ಲಾ ಸರಿಯಾಗಿಯೇ ಆಯಿತು ಅಂತಲ್ಲ. ಅಪ್ಪನ ಹಳೆಯ ಪರಿಚಯದವರೊಬ್ಬರು ಮೊಮ್ಮಗನನ್ನು ನಾಲ್ಕಕ್ಕೆ ಕಳಿಸಿ, ಆರೂವರೆಗೆ ಹೆಂಡತಿ, ಸೊಸೆಯ ಜೊತೆ ರೇಷ್ಮೆ ಸೀರೆ, ಗಿಫ್ಟಿನ ಡಬ್ಬಿ ಸಮೇತ ಬಂದರು. ಮಕ್ಕಳಿಗೆ ನಾಲ್ಕಕ್ಕೆ, ದೊಡ್ಡವರಿಗೆ ಆರೂವರೆಗೆ ಅಂತ ಅವರು ಓದಿಕೊಂಡಿದ್ದರು. ಓದಿ ನೋಡಿದರೆ ಹಾಗೂ ಅರ್ಥ ಆಗುತ್ತದೆ, ನಮ್ಮಲ್ಲಿ "ಬರ್ರಿ" ಅಂದರೆ ಆಮಂತ್ರಣವೇ ಅಲ್ವಾ. ಅವರನ್ನು ಕೂರಿಸಿ ಚಾ ಕೊಟ್ಟು, ಉಳಿದ ಗೊಜ್ಜಿಗೆ ಚುರಮರಿ ಹಾಕಿ ಗಿರ್ಮಿಟ್ ಕೊಟ್ಟೆವು, ಎಂಟರ ತನಕ ಮಾತಾಡಿ ಖುಷಿಯಿಂದ ಹೋದರು. ಆದರೆ ಆ ಸಾಲಿನಲ್ಲಿ "ಈ ಸಲ ಮಕ್ಕಳಿಗಷ್ಟೇ" ಅಂತ ಇರಬೇಕಿತ್ತು. ಆರರ ಹೊತ್ತಿಗೆ ಜಡಿಮಳೆ ಬೇರೆ. ಇಬ್ಬರು ಮಕ್ಕಳನ್ನು ಕರೆಯಲು ಆಟೋ ಸಿಗದೆ 7:20 ಆಯಿತು, ಆದರೆ ಅವರ ಮನೆಯವರು ಆರೂವರೆಗೇ ಫೋನ್ ಮಾಡಿ ತಡ ಆಗುತ್ತದೆ ಅಂದಿದ್ದರು, ಯಾರಿಗೂ ಗಾಬರಿ ಇರಲಿಲ್ಲ. ಹೊತ್ತು ಬರೆದದ್ದರಿಂದಲೇ ತಡ ಅನ್ನುವುದನ್ನು ಹೇಳಬೇಕು ಅಂತ ಅವರಿಗೆ ಅನಿಸಿದ್ದು. ಹೋಗುವಾಗ ಎಲ್ಲ ಮಕ್ಕಳ ಕೈಯಲ್ಲೂ ಒಂದೊಂದು ಪುಟ್ಟ ಚೀಲ, ಒಳಗೆ ಪಂಚಮಿಯ ಶೇಂಗಾ ಉಂಡಿ ಎರಡೆರಡು.

ನಾವು ಜರ್ಮನಿಗೆ ವಾಪಸ್ ಬಂದು ಎರಡು ತಿಂಗಳಾಯಿತು. ಮೊನ್ನೆ ವೈನಿ ತಮ್ಮ ಮಗನ ಬರ್ತ್‌ಡೇ ಕಾರ್ಡು ಕಳಿಸಿದ್ದರು. 4ಕ್ಕೆ ಬಿಡುವುದು, 6:30ರಿಂದ 6:45ಕ್ಕೆ ಕರೆಯುವುದು, ಈ ಸಲ ಮಕ್ಕಳಿಗಷ್ಟೇ. ಅದರ ಕೆಳಗೆ ಅವ್ವ ಹೇಳಿ ಬರೆಸಿದ ಸಾಲು: "ಕರಿಯಾಕ ಬಂದವರು ಚಾ ಕುಡೀದ ಹೋಗೂಹಂಗಿಲ್ಲ."